ಬ್ಯಾಡಗಿ ದರ ‘ಪಾತಾಳಕ್ಕೆ’ ಬಿತ್ತೇ? ಒಂದು ಫಾರ್ವರ್ಡ್ ಸಂದೇಶ ಸುದ್ದಿಯಾಗುವ ಮುಂಚೆ

ಫೆಬ್ರುವರಿ, ಮಾರ್ಚ್ ಬಂತೆಂದರೆ ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ದರ ಹಾವೇರಿ ಜಿಲ್ಲೆಯ ಮಾತಾಗಿ ಉಳಿಯುವುದಿಲ್ಲ. ಗದಗ, ಹುಬ್ಬಳ್ಳಿ, ಕುಂದಗೋಳ, ಬಳ್ಳಾರಿ, ರಾಯಚೂರು, ಆಂಧ್ರದ ಗಡಿ ಹಳ್ಳಿಗಳವರೆಗೂ ಟೆಂಡರ್ ನಡೆಯುವ ಸೋಮವಾರ ಮತ್ತು ಗುರುವಾರದ ಸಂಜೆ ಜನ ಮೊಬೈಲ್ ನೋಡುತ್ತ ಕೂರುತ್ತಾರೆ. ಅಂಥದೊಂದು ಗುರುವಾರ ಸಂಜೆ ಈ ಸಂದೇಶ ಬಂದಿದೆ ಎಂದು ಇಟ್ಟುಕೊಳ್ಳಿ:

“ಬ್ರೇಕಿಂಗ್! ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಪಾತಾಳಕ್ಕೆ. ಹೋದ ವಾರ 40 ಸಾವಿರ ಇದ್ದದ್ದು ಇವತ್ತು ಬರೀ 2,500. ವರ್ತಕರು ಒಳಗೊಳಗೇ ಕೂಡಿ ಆಡಿದ ಆಟ. ರೈತರಿಂದ ವಾಹನಗಳಿಗೆ ಬೆಂಕಿ, 144 ಜಾರಿ, ಮಾರ್ಕೆಟ್ ಬಂದ್. ಎಲ್ಲಾ ರೈತರಿಗೂ ತಲುಪಿಸಿ.” ಕೆಳಗೆ ಹೊಗೆ ಏಳುತ್ತಿರುವ ಇಪ್ಪತ್ತು ಸೆಕೆಂಡಿನ ಒಂದು ವಿಡಿಯೊ.

ಈ ಸಂದೇಶ ಲೇಖನಕ್ಕೆಂದು ಕಟ್ಟಿದ್ದು. ಮುಂದೆ ಲೆಕ್ಕಕ್ಕೆ ಬರುವ ಲಾಟು, ಚೀಲ, ದರಗಳೂ ಕಲ್ಪಿತವೇ. ಆದರೆ ಇದರ ಅಚ್ಚು ಹೊಸದಲ್ಲ. ಇಂಥ ಸಂದೇಶ ಪೂರ್ತಿ ಸುಳ್ಳಾಗಿದ್ದರೆ ಕೆಲಸ ಸುಲಭವಿತ್ತು. ತೊಂದರೆ ಏನೆಂದರೆ ಇದರೊಳಗಿನ ಒಂದೊಂದು ಅಂಕಿಯೂ ಎಲ್ಲೋ ಒಂದು ಕಡೆ ನಿಜವೇ ಆಗಿರುತ್ತದೆ: ಬೇರೆ ತಳಿಯ ದರ, ಬೇರೆ ದಿನದ ವಿಡಿಯೊ, ಯಾರಿಗೋ ಆದ ನಷ್ಟ. ಅದರ ಮೈಮೇಲಿನ ದಿನಾಂಕ, ತಳಿ, ಪ್ರಮಾಣಗಳನ್ನು ಕಿತ್ತು ಹಾಕಿದಾಗ ವದಂತಿ ಹುಟ್ಟುತ್ತದೆ. ಹಾಗಾಗಿ ಚಿಕ್ಕ ಸುದ್ದಿವಿವರಣೆ ಬರೆಯುವವರ ಮುಖ್ಯ ಕೆಲಸ ಕಿತ್ತುಹೋದದ್ದನ್ನು ಮತ್ತೆ ಹಚ್ಚುವುದು.

ಮೊದಲು ಸಂದೇಶವನ್ನು ಒಡೆಯಬೇಕು. ಮೇಲಿನ ನಾಲ್ಕು ಸಾಲಿನಲ್ಲಿ ಆರು ಬೇರೆ ಬೇರೆ ಹೇಳಿಕೆಗಳಿವೆ. ಇವತ್ತಿನ ದರ 2,500, ಹೋದ ವಾರದ ದರ 40 ಸಾವಿರ, ವರ್ತಕರು ಕೂಡಿಕೊಂಡಿದ್ದಾರೆ, ರೈತರು ಬೆಂಕಿ ಹಚ್ಚಿದ್ದಾರೆ, 144 ಜಾರಿಯಾಗಿದೆ, ಮಾರುಕಟ್ಟೆ ಬಂದ್ ಆಗಿದೆ. ಒಂದು ನಿಜವಾದರೆ ಉಳಿದದ್ದೂ ನಿಜ ಎಂದಾಗುವುದಿಲ್ಲ. ಒಂದೊಂದಕ್ಕೂ ಪುರಾವೆ ಸಿಗುವ ಜಾಗವೂ ಬೇರೆ. ಹಾಳೆಯ ಎಡಕ್ಕೆ ಆರನ್ನೂ ಬರೆದು, ಬಲಕ್ಕೆ “ಯಾರು ಹೇಳಿದರು, ಎಷ್ಟು ಹೊತ್ತಿಗೆ” ಎಂದು ತುಂಬುತ್ತ ಹೋದರೆ, ಕೊನೆಗೆ ಬಲಗಡೆ ಖಾಲಿ ಉಳಿದದ್ದು ಸುದ್ದಿಗೆ ಬರುವುದಿಲ್ಲ ಎಂಬುದು ಕಣ್ಣಿಗೇ ಕಾಣುತ್ತದೆ.

ದರದಿಂದಲೇ ಶುರು ಮಾಡೋಣ, ಯಾಕೆಂದರೆ ಜನ ಎಡವುವುದು ಅಲ್ಲೇ. ರಾಜ್ಯದ ಕೃಷಿ ಮಾರಾಟ ಇಲಾಖೆಯ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲೂ ಕೇಂದ್ರದ ಅಗ್‌ಮಾರ್ಕ್‌ನೆಟ್‌ನಲ್ಲೂ ಮಾರುಕಟ್ಟೆವಾರು ದಿನದ ದರ ಸಿಗುತ್ತದೆ. ಅಲ್ಲಿ ಒಂದು ಸಾಲಿನಲ್ಲಿ ಮಾರುಕಟ್ಟೆ, ದಿನಾಂಕ, ತಳಿ, ಆವಕ, ಅಳತೆ, ಆಮೇಲೆ ಮೂರು ದರ ಇರುತ್ತವೆ: ಕನಿಷ್ಠ, ಗರಿಷ್ಠ, ಮಾದರಿ. ಮೂರನೆಯದನ್ನು ಇಂಗ್ಲಿಷ್ ಪುಟದಲ್ಲಿ ಮೋಡಲ್ ಅನ್ನುತ್ತಾರೆ. ನಮ್ಮ ಕಡೆ ಎಷ್ಟೋ ಸುದ್ದಿಗಳಲ್ಲಿ ಅದು “ಸರಾಸರಿ” ಆಗಿಬಿಡುತ್ತದೆ. ಅದು ಸರಾಸರಿ ಅಲ್ಲ. ಆ ದಿನ ಹೆಚ್ಚಿನ ಮಾಲು ಯಾವ ದರಕ್ಕೆ ಕೈ ಬದಲಾಯಿಸಿತೋ ಅದು ಮಾದರಿ ದರ.

ವ್ಯತ್ಯಾಸ ಎಷ್ಟು ದೊಡ್ಡದು ಅನ್ನುವುದಕ್ಕೆ ಸಣ್ಣದೊಂದು ಲೆಕ್ಕ ಹಾಕೋಣ. ಬ್ಯಾಡಗಿಗೆ ಸುಗ್ಗಿಯಲ್ಲಿ ಒಂದೇ ದಿನ ಲಕ್ಷ ಚೀಲ ದಾಟಿ ಬರುವುದುಂಟು, ನಾವು ಕಡ್ಡಿ ಎಂಬ ಒಂದೇ ತಳಿಯ ಬರೀ 200 ಚೀಲ ಕಾಯಿ ತೆಗೆದುಕೊಳ್ಳೋಣ, ಎಲ್ಲ ಚೀಲಕ್ಕೂ ಒಂದೇ ತೂಕ ಅಂದುಕೊಳ್ಳೋಣ. ಅದರಲ್ಲಿ 4 ಚೀಲ ತೊಯ್ದು ಬಣ್ಣ ಕಳಕೊಂಡದ್ದು, ಕ್ವಿಂಟಲಿಗೆ 2,500 ರೂಪಾಯಿಗೆ ಹೋಯಿತು. 20 ಚೀಲ 12,000ಕ್ಕೆ, 150 ಚೀಲ 18,000ಕ್ಕೆ, 20 ಚೀಲ 22,000ಕ್ಕೆ, ಬಣ್ಣ ತುಂಬಿದ 6 ಚೀಲ 30,000ಕ್ಕೆ ಹೋದವು. ಸರ್ಕಾರಿ ಪಟ್ಟಿಯಲ್ಲಿ ಕನಿಷ್ಠ 2,500, ಗರಿಷ್ಠ 30,000, ಮಾದರಿ 18,000 ಎಂದು ಬರುತ್ತದೆ. ಚೀಲದ ಲೆಕ್ಕ ಹಿಡಿದು ನಿಜವಾದ ಸರಾಸರಿ ತೆಗೆದರೆ 17,850. ಕನಿಷ್ಠ ಗರಿಷ್ಠ ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿ “ಸರಾಸರಿ” ಅನ್ನುವವರಿಗೆ ಸಿಗುವುದು 16,250. ಆ ದರಕ್ಕೆ ಆ ದಿನ ಒಂದು ಚೀಲವೂ ಮಾರಾಟವಾಗಿಲ್ಲ.

ಈಗ ಸಂದೇಶಕ್ಕೆ ತಿರುಗಿ. “ಇವತ್ತು ಬರೀ 2,500” ಸುಳ್ಳಲ್ಲ, ನೂರಕ್ಕೆ ಎರಡು ಚೀಲಕ್ಕೆ ಅದು ಖರೆ. “ಹೋದ ವಾರ 40 ಸಾವಿರ” ಕೂಡ ಯಾವುದೋ ಸಾಲಿನಲ್ಲಿ ಇದ್ದೇ ಇರುತ್ತದೆ, ಆದರೆ ಬಹುಶಃ ಡಬ್ಬಿ ಕಾಯಿಯ ಗರಿಷ್ಠ ದರವಾಗಿ. ಬ್ಯಾಡಗಿ ಡಬ್ಬಿ ಗಿಡ್ಡನೆ, ತುಂಬಿದ ಕಾಯಿ. ಕಡ್ಡಿ ಉದ್ದನೆ, ತೆಳ್ಳಗೆ, ಮೈ ಸುಕ್ಕುಗಟ್ಟಿದ್ದು. ಎರಡೂ ಖಾರಕ್ಕಿಂತ ಬಣ್ಣಕ್ಕೆ ಹೆಸರಾದವು, ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಡಬ್ಬಿಗೆ ಸಾಮಾನ್ಯವಾಗಿ ಎಲ್ಲಕ್ಕಿಂತ ಮೇಲಿನ ದರ. ಅದೇ ಅಂಗಳದಲ್ಲಿ ಗುಂಟೂರು ತಳಿ, ಹೈಬ್ರಿಡ್ ಕಾಯಿಗಳೂ ರಾಶಿ ಬೀಳುತ್ತವೆ, ಅವುಗಳ ದರ ಬೇರೆಯೇ ಕೆಳಗಿನ ಮಟ್ಟದಲ್ಲಿ ಆಡುತ್ತದೆ. ಹೋದ ವಾರದ ಡಬ್ಬಿಯ ತುದಿಯನ್ನೂ ಈ ವಾರದ ಕಡ್ಡಿಯ ಬುಡವನ್ನೂ ಜೋಡಿಸಿದರೆ ಯಾವ ವರ್ಷ ಬೇಕಾದರೂ ದರ ಪಾತಾಳಕ್ಕೆ ಬೀಳುತ್ತದೆ. ಹೋಲಿಕೆ ಮಾಡಬೇಕಾದ್ದು ಅದೇ ತಳಿಯ ಮಾದರಿ ದರವನ್ನು ಅದೇ ತಳಿಯ ಮಾದರಿ ದರದ ಜೊತೆ.

ಇನ್ನೂ ಒಂದು ಗುಂಡಿ ಇದೆ, ಅವಸರದಲ್ಲಿ ಅನುಭವಸ್ಥರೂ ಬೀಳುವಂಥದು. ಜಾಲತಾಣದಲ್ಲಿ ಹಸಿಮೆಣಸಿನಕಾಯಿ ಮತ್ತು ಒಣಮೆಣಸಿನಕಾಯಿ ಬೇರೆ ಬೇರೆ ಸರಕು. ಹಸಿಮೆಣಸಿನಕಾಯಿ ಕ್ವಿಂಟಲಿಗೆ 2,500 ಅಂದರೆ ಕಿಲೋಗೆ 25 ರೂಪಾಯಿ, ಯಾವ ತರಕಾರಿ ಮಾರುಕಟ್ಟೆಯಲ್ಲೂ ಯಾರೂ ಹುಬ್ಬೇರಿಸದ ದರ. ಯಾರೋ ಆ ಸಾಲಿನ ಸ್ಕ್ರೀನ್‌ಶಾಟ್ ಕತ್ತರಿಸಿ ತಲೆಬರಹ ಬಿಟ್ಟು ಕಳಿಸಿದರೆ ಸಾಕು. ಸ್ಕ್ರೀನ್‌ಶಾಟ್‌ನಲ್ಲಿ ಸರಕಿನ ಹೆಸರು, ಮಾರುಕಟ್ಟೆ, ದಿನಾಂಕ ಮೂರೂ ಕಾಣದಿದ್ದರೆ ಅದನ್ನು ಪುರಾವೆ ಎಂದು ಹಿಡಿಯಬೇಡಿ, ಜಾಲತಾಣ ತೆರೆದು ನೀವೇ ಆ ಸಾಲನ್ನು ಹುಡುಕಿ.

ಹಾಗಂತ ಸರ್ಕಾರಿ ಜಾಲತಾಣವೇ ಕೊನೆಯ ಮಾತೂ ಅಲ್ಲ. ಅಂಕಿ ತುಂಬುವವರೂ ಮನುಷ್ಯರೇ, ಒಂದು ಸೊನ್ನೆ ಹೆಚ್ಚಾಗಬಹುದು, ಇವತ್ತಿನ ಸಾಲು ನಾಳೆ ಏರಬಹುದು. ಆದ್ದರಿಂದ ಎಪಿಎಂಸಿ ಕಚೇರಿಯಿಂದ ಆ ದಿನದ ದರಪಟ್ಟಿಯನ್ನೂ ಕೇಳಿ ತರಿಸಿಕೊಂಡು ಎರಡನ್ನೂ ಎದುರಾಬದುರು ಇಡಬೇಕು. ಆವಕದಲ್ಲಿ ವಿಶೇಷ ಎಚ್ಚರ ಬೇಕು. ಸ್ಥಳೀಯವಾಗಿ ಆವಕವನ್ನು ಚೀಲದಲ್ಲಿ ಹೇಳುತ್ತಾರೆ, ಜಾಲತಾಣ ತೂಕದಲ್ಲಿ ಹೇಳುತ್ತದೆ. ಚೀಲದ ತೂಕ ಒಂದೇ ಸಮ ಇರುವುದಿಲ್ಲವಾದ್ದರಿಂದ ಚೀಲವನ್ನು ಅಂದಾಜಿನಲ್ಲಿ ಕ್ವಿಂಟಲ್ ಮಾಡಲು ಹೋಗದೆ, ಯಾವ ಅಳತೆಯಲ್ಲಿ ಸಿಕ್ಕಿತೋ ಅದರಲ್ಲೇ ಬರೆಯುವುದು ಕ್ಷೇಮ.

ಇದಾದ ಮೇಲೆ ಅಂಗಳದ ಮಾತು. ಫೋನಿನಲ್ಲಿ ರೈತರನ್ನು ಕೇಳಿದರೆ ಹೀಗೆ ಹೋಗುತ್ತದೆ:

“ಎಷ್ಟಕ್ಕ ಹೋತ್ರಿ ನಿಮ್ಮ ಮಾಲು?”

“ಎಂಟ್ ಸಾವಿರ ಬರದಾರ ನೋಡ್ರಿ. ಎಂಟಕ್ಕ ಯಾಂವ ಕೊಡ್ತಾನ?”

“ಅಂದ್ರ ಕೊಟ್ಟಿಲ್ಲೇನ್ರಿ?”

“ಇಲ್ರೀ, ಟೆಂಡರ್ ಬ್ಯಾಡ ಅಂದೇನಿ. ಸೋಮವಾರ ಮತ್ತ ಹಚ್ತೇನಿ.”

ಎರಡನೆಯ ಪ್ರಶ್ನೆ ಕೇಳದೆ ಫೋನ್ ಇಟ್ಟವರು “ರೈತರೊಬ್ಬರ ಮೆಣಸಿನಕಾಯಿ 8 ಸಾವಿರಕ್ಕೆ ಮಾರಾಟ” ಎಂದು ಬರೆಯುತ್ತಾರೆ. ಮಾರಾಟ ಆಗಿಯೇ ಇಲ್ಲ. ಬ್ಯಾಡಗಿಯಲ್ಲಿ ಮಾಲು ದಲಾಲಿ ಅಂಗಡಿಯ ಮುಂದೆ ಲಾಟು ಲಾಟಾಗಿ ಕೂರುತ್ತದೆ, ಖರೀದಿದಾರರು ನೋಡಿಕೊಂಡು ಹೋಗಿ ಇ-ಟೆಂಡರಿನಲ್ಲಿ ದರ ಹಾಕುತ್ತಾರೆ, ಹೆಚ್ಚಿನ ದರ ಹಾಕಿದವರ ಹೆಸರಿಗೆ ಲಾಟು ಬೀಳುತ್ತದೆ. ದರ ಒಪ್ಪದಿದ್ದರೆ ರೈತ ಬೇಡ ಅನ್ನಬಹುದು. ಆದ್ದರಿಂದ ಹಾಕಿದ ದರ ಬೇರೆ, ಮಾರಿದ ದರ ಬೇರೆ. ಮಾರಿದ ದರಕ್ಕೆ ಗಟ್ಟಿ ಕಾಗದ ಅಂದರೆ ದಲಾಲಿ ಅಂಗಡಿ ಕೊಡುವ ಪಟ್ಟಿ. ಅದರಲ್ಲಿ ತಾರೀಖು, ಚೀಲ, ತೂಕ, ದರ ಎಲ್ಲ ಇರುತ್ತದೆ. ಪಟ್ಟಿಯ ಫೋಟೊ ಕಳಿಸಲು ಕೇಳಿ, ಪ್ರಕಟಿಸುವುದಾದರೆ ಹೆಸರು, ಫೋನ್ ನಂಬರು, ಖಾತೆ ವಿವರ ಮುಚ್ಚಿ. ಒಬ್ಬರ ಪಟ್ಟಿಯಿಂದ ಮಾರುಕಟ್ಟೆಯ ಕಥೆ ಹೇಳಲಾಗದು, ಆದರೆ ಮಾರುಕಟ್ಟೆಯ ಪಟ್ಟಿಯಲ್ಲಿ ಮುಚ್ಚಿಹೋದ ಒಬ್ಬರ ಕಥೆಯನ್ನು ಅದು ಹೇಳುತ್ತದೆ. ಮಾದರಿ ದರ 18,000 ಇದ್ದ ದಿನವೇ ಒಬ್ಬರಿಗೆ 2,500 ಬಂದಿದ್ದರೆ, ಯಾಕೆ ಎಂಬ ಪ್ರಶ್ನೆ ಅಲ್ಲಿಂದ ಏಳಬೇಕು.

ಆ “ಯಾಕೆ”ಗೆ ಬಹಳ ಸಲ ಉತ್ತರ ಮಾಲಿನ ಮೇಲೆಯೇ ಇರುತ್ತದೆ. ಕಣದಲ್ಲಿ ಒಣಗುವ ಹೊತ್ತಿಗೆ ಅಕಾಲಿಕ ಮಳೆ ಬಿದ್ದರೆ ಕಾಯಿ ಬಿಳಿಚಿಕೊಳ್ಳುತ್ತದೆ. ಹದವಾಗಿ ಒಣಗಿದ ಕಾಯಿಯಲ್ಲಿ ತೇವ ಶೇ 10-11ರ ಸುತ್ತ ಇರಬೇಕು, ಹೆಚ್ಚಾದರೆ ಬೂಷ್ಟು ಬರುತ್ತದೆ, ಖರೀದಿದಾರರು ಮುಟ್ಟಿ ನೋಡಿಯೇ ದರ ಇಳಿಸುತ್ತಾರೆ. ಕಾಯಿ ಮುರಿಯದಿರಲಿ ಎಂದು ಚೀಲ ತುಂಬುವಾಗ ನೀರು ಚಿಮುಕಿಸುವ ರೂಢಿಯೂ ಕೆಲವೆಡೆ ಇದೆ, ಅದೂ ದರಕ್ಕೆ ಪೆಟ್ಟು. ಬಣ್ಣ ತೆಗೆಯುವ ಕಾರ್ಖಾನೆಗಳಿಗೆ ಕೊಳ್ಳುವವರಂತೂ ಬಣ್ಣ ಹೋದ ಕಾಯಿಗೆ ದರ ಹಾಕಲು ಹಿಂಜರಿಯುತ್ತಾರೆ. ಆದರೆ “ಮಾಲು ತೊಯ್ದಿತ್ತು” ಎನ್ನುವುದು ಒಬ್ಬರ ಮಾತು ಮಾತ್ರ. ದಲಾಲಿ ಹಾಗೆಂದರೆ ರೈತರನ್ನೂ ಕೇಳಬೇಕು, ಆ ವಾರ ಆ ತಾಲ್ಲೂಕಿನಲ್ಲಿ ಮಳೆಯಾಗಿತ್ತೇ ಎಂದು ಮಳೆಮಾಪನದ ವರದಿ ನೋಡಬೇಕು.

ಇನ್ನು ಬೆಂಕಿಯ ವಿಡಿಯೊ. ಬ್ಯಾಡಗಿ ಎಂದರೆ ಬೆಂಕಿ ನೆನಪಾಗಲು ಕಾರಣವಿದೆ. 2024ರ ಮಾರ್ಚ್ 11, ಸೋಮವಾರ, ದರ ಕುಸಿದಿದೆ ಎಂದು ಸಿಟ್ಟಿಗೆದ್ದ ಗುಂಪು ಎಪಿಎಂಸಿ ಕಚೇರಿಗೆ ನುಗ್ಗಿತು, ವಾಹನಗಳು ಸುಟ್ಟವು. ಆ ದಿನದ ಹತ್ತಾರು ವಿಡಿಯೊ ಜನರ ಮೊಬೈಲಿನಲ್ಲಿ ಇನ್ನೂ ಇವೆ. ಹಾಗಾಗಿ ಬ್ಯಾಡಗಿಯ ಹೆಸರಲ್ಲಿ ಹೊಗೆಯ ವಿಡಿಯೊ ಬಂದಾಗ ಮೊದಲ ಅನುಮಾನ ಅದು ಹಳೆಯದು ಎಂದೇ ಇರಬೇಕು, ಹೊಸದೆಂದು ಸಾಬೀತಾಗುವವರೆಗೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ತುಂಬ ಓಡಾಡುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸಾಪ್ ವಿಡಿಯೊದ ಫೈಲ್ ಹೆಸರು `VID-20260212-WA0007.mp4` ಎಂಬ ಥರ ಇರುತ್ತದೆ. ನಡುವಿನ ಎಂಟಂಕಿ ನೋಡಿ “ನೋಡ್ರಿ, ಇವತ್ತಿಂದೇ ಐತಿ” ಅನ್ನುವವರಿದ್ದಾರೆ. ಅದು ವಿಡಿಯೊ ಚಿತ್ರಿಸಿದ ದಿನ ಅಲ್ಲ, ನಿಮ್ಮ ಫೋನಿಗೆ ಬಂದು ಇಳಿದ ದಿನ. ಹತ್ತು ವರ್ಷ ಹಳೆಯ ವಿಡಿಯೊ ಇವತ್ತು ಬಂದರೂ ಇವತ್ತಿನ ದಿನಾಂಕವೇ ಬೀಳುತ್ತದೆ. ವಾಟ್ಸಾಪ್ ಕಳಿಸುವಾಗ ಮೂಲ ಫೈಲಿನೊಳಗಿನ ಸ್ಥಳ, ಸಮಯದ ಮಾಹಿತಿಯೂ ಅಳಿಸಿಹೋಗುತ್ತದೆ. ಆದ್ದರಿಂದ ಫಾರ್ವರ್ಡ್ ಬಂದ ಫೈಲಿನಲ್ಲಿ ದಿನಾಂಕ ಹುಡುಕುವುದು ದಂಡ. ಮೊದಲು ಚಿತ್ರಿಸಿದವರು ಯಾರು ಎಂದು ಸರಪಳಿ ಹಿಡಿದು ಹಿಂದೆ ಹೋಗಬೇಕು, “ನಿಮಗೆ ಯಾರು ಕಳಿಸಿದ್ರು?” ಎಂದು ಮೂರ್ನಾಲ್ಕು ಮಂದಿಯನ್ನು ಕೇಳಬೇಕು. ಬಹಳ ಸಲ ಸರಪಳಿ ಎರಡನೆಯ ಕೊಂಡಿಯಲ್ಲೇ ತುಂಡಾಗುತ್ತದೆ. ಅದೂ ಒಂದು ಸುಳಿವೇ.

ಜೊತೆಗೆ ವಿಡಿಯೊ ನಿಲ್ಲಿಸಿ ನಿಲ್ಲಿಸಿ ನಾಲ್ಕೈದು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಬೇಕು. ಹೊಗೆ, ಬೆಂಕಿ ತುಂಬಿದ ಚೌಕಟ್ಟು ಬೇಡ, ಎಲ್ಲ ಬೆಂಕಿಯೂ ಒಂದೇ ಥರ ಕಾಣುತ್ತದೆ. ಅಂಗಡಿಯ ಬೋರ್ಡು, ಕಟ್ಟಡದ ಮೂಲೆ, ವಾಹನದ ಮೈಮೇಲಿನ ಬರಹ ಇರುವ ಚೌಕಟ್ಟು ಆರಿಸಿ. ಹಳೆಯ ಘಟನೆಯ ದಿನಗಳಿಗೆ ಹುಡುಕಾಟವನ್ನು ಕಟ್ಟಿಹಾಕಲು ಗೂಗಲ್‌ನಲ್ಲಿ ಹೀಗೆ ಬರೆಯಬಹುದು:

```
ಬ್ಯಾಡಗಿ ಮೆಣಸಿನಕಾಯಿ ಬೆಂಕಿ after:2024-03-10 before:2024-03-20
```

ಅಲ್ಲಿ ಸಿಕ್ಕ ಸುದ್ದಿಚಿತ್ರಗಳಲ್ಲಿ ಅದೇ ಸುಟ್ಟ ವಾಹನ, ಅದೇ ಕೋನದ ಕಟ್ಟಡ ಕಂಡರೆ ಕೆಲಸ ಮುಗಿಯಿತು. ಏನೂ ಸಿಗದಿದ್ದರೆ “ಹಾಗಾದರೆ ಹೊಸದು” ಎನ್ನುವಂತಿಲ್ಲ. ಸಿಗಲಿಲ್ಲ ಅಷ್ಟೆ. ನಂಬರ್ ಪ್ಲೇಟು ನೋಡಿ ತೀರ್ಮಾನಿಸುವವರೂ ಇದ್ದಾರೆ: ಕೆಎ-27 ಇದ್ದರೆ ಹಾವೇರಿ, ಕೆಎ-26 ಗದಗ, ಕೆಎ-25 ಧಾರವಾಡ, ಕೆಎ-63 ಹುಬ್ಬಳ್ಳಿ. ಅದು ನೆರವಾಗುತ್ತದೆ, ಆದರೆ ಬ್ಯಾಡಗಿಗೆ ಬಳ್ಳಾರಿ, ರಾಯಚೂರು, ಆಂಧ್ರದ ಲಾರಿಗಳೂ ಬರುವುದರಿಂದ ಪ್ಲೇಟು ಬೇರೆ ಊರಿನದಾದ ಮಾತ್ರಕ್ಕೆ ಜಾಗ ಬೇರೆಯೆನ್ನಲು ಬಾರದು. ಎಲ್ಲಕ್ಕಿಂತ ನೇರ ದಾರಿ ಅಗ್ನಿಶಾಮಕ ಠಾಣೆ. ವಾಹನ ಸುಟ್ಟಿದ್ದರೆ ಕರೆ ಹೋಗಿರುತ್ತದೆ, ಬಂಡಿ ಹೊರಟ ಹೊತ್ತು ದಾಖಲಾಗಿರುತ್ತದೆ. “ಇವತ್ತು ಎಪಿಎಂಸಿ ಕಡೆಯಿಂದ ಕರೆ ಬಂದಿತ್ತೇನ್ರಿ?” ಎಂಬ ಒಂದೇ ಪ್ರಶ್ನೆ ಅರ್ಧ ಗಂಟೆಯ ಲೆನ್ಸ್ ಹುಡುಕಾಟ ಉಳಿಸುತ್ತದೆ.

ಅಕಸ್ಮಾತ್ ಬೆಂಕಿ ನಿಜವೇ ಆಗಿದ್ದರೆ? ಆಗಲೂ “ರೈತರು ಬೆಂಕಿ ಹಚ್ಚಿದರು” ಎಂಬ ವಾಕ್ಯ ಆ ಸಂಜೆಗೆ ಬರೆಯುವಂಥದಲ್ಲ. ಗೊತ್ತಿರುವುದು ಬೆಂಕಿ ಬಿದ್ದದ್ದು, ಎಷ್ಟು ವಾಹನ, ಎಷ್ಟು ಹೊತ್ತಿಗೆ ಎಂಬಷ್ಟೇ. ಹಚ್ಚಿದವರು ಯಾರು ಎಂಬುದು ಎಫ್‌ಐಆರ್ ಆಗಿ ತನಿಖೆಯಾದ ಮೇಲಿನ ಮಾತು, ಎಫ್‌ಐಆರ್‌ನಲ್ಲಿ ಹೆಸರಿದ್ದರೂ ಅದು ಆರೋಪವೇ. “ಇದು ಹೊರಗಿನವರ ಕೆಲಸ”, “ಇಂಥ ಕಡೆಯವರೇ ಮಾಡಿದ್ದು” ಎಂಬ ಮಾತು ಇಂಥ ಹೊತ್ತಲ್ಲಿ ತಾನಾಗಿ ಹುಟ್ಟುತ್ತದೆ. ಊರು, ಭಾಷೆ, ರಾಜ್ಯದ ಹೆಸರು ಹಿಡಿದು ದೂರುವ ವಾಕ್ಯವನ್ನು ಯಾರದೋ ಬಾಯಿಂದ ಉಲ್ಲೇಖವಾಗಿಯೂ ತರಬೇಡಿ, ಮರುದಿನ ಆ ಊರಿನ ಲಾರಿ ಇದೇ ಅಂಗಳಕ್ಕೆ ಬರಬೇಕು.

“144 ಜಾರಿ” ಎಂಬುದನ್ನು ಪರೀಕ್ಷಿಸುವುದು ಸುಲಭ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ, ನಿಷೇಧಾಜ್ಞೆಗೆ ಈಗಿನ ಕಲಂ 163. ಹೊಸ ಆದೇಶವೆಂದು ಬಂದ ಕಾಗದದ ಫೋಟೊದಲ್ಲಿ ಸಿಆರ್‌ಪಿಸಿ 144 ಎಂದಿದ್ದರೆ ಹಳೆಯ ಆದೇಶವೊಂದನ್ನು ತಿರುಗಿ ಬಿಟ್ಟಿದ್ದಾರೆ ಎಂಬ ಶಂಕೆ ಬಲವಾಗುತ್ತದೆ. ಆದರೆ ಸಂದೇಶದ ಮಾತಿನಲ್ಲಿ 144 ಎಂದಿದ್ದರೆ ಅಷ್ಟಕ್ಕೇ ಸುಳ್ಳೆನ್ನಲು ಬರುವುದಿಲ್ಲ, ಜನರ ಬಾಯಲ್ಲಿ ಅದಿನ್ನೂ 144 ಆಗಿಯೇ ಉಳಿದಿದೆ. ನಿಷೇಧಾಜ್ಞೆ ಲಿಖಿತ ಆದೇಶ. ಹೊರಡಿಸಿದ ಅಧಿಕಾರಿ, ಯಾವ ಗಡಿಯೊಳಗೆ, ಯಾವ ಹೊತ್ತಿನಿಂದ ಯಾವ ಹೊತ್ತಿಗೆ ಎಂಬುದು ಅದರಲ್ಲಿರುತ್ತದೆ. ತಹಶೀಲ್ದಾರ್ ಅಥವಾ ಜಿಲ್ಲಾಧಿಕಾರಿ ಕಚೇರಿಯಿಂದ ಆದೇಶದ ಪ್ರತಿ ಸಿಕ್ಕರೆ ಬರೆಯಿರಿ, ಇಲ್ಲದಿದ್ದರೆ ಇಲ್ಲ. ಹೆಚ್ಚು ಪೊಲೀಸರು ನಿಂತಿದ್ದಾರೆ ಎಂಬುದು ಬಂದೋಬಸ್ತ್, ನಿಷೇಧಾಜ್ಞೆ ಅಲ್ಲ.

“ಮಾರ್ಕೆಟ್ ಬಂದ್” ಕೂಡ ಹೀಗೇ. ಟೆಂಡರ್ ತಡವಾಗಿದೆ, ಇವತ್ತಿನ ಟೆಂಡರ್ ಮುಂದೂಡಿದ್ದಾರೆ, ವರ್ತಕರ ಸಂಘ ಖರೀದಿ ನಿಲ್ಲಿಸಿದೆ, ಎಪಿಎಂಸಿಯೇ ರಜೆ ಘೋಷಿಸಿದೆ, ಈ ನಾಲ್ಕೂ ಜನರ ಮಾತಲ್ಲಿ ಬಂದ್ ಆಗುತ್ತವೆ. ಆದರೆ ಗದುಗಿನಿಂದ ರಾತ್ರಿ ಬಂಡಿ ಹೇರುತ್ತಿರುವ ರೈತನಿಗೆ ಬೇಕಾದ ಮಾಹಿತಿ ಒಂದೇ: ಮುಂದಿನ ಸೋಮವಾರ ಮಾಲು ಇಳಿಸಿಕೊಳ್ಳುತ್ತಾರೋ ಇಲ್ಲವೋ. ಎಪಿಎಂಸಿ ಕಾರ್ಯದರ್ಶಿಯವರನ್ನು “ಬಂದ್ ಆಗೇತೇನ್ರಿ” ಎಂದು ಕೇಳಿದರೆ “ಇಲ್ಲ” ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. “ಸೋಮವಾರ ಟೆಂಡರ್ ಇದೆಯೇ, ಗೇಟು ಎಷ್ಟು ಹೊತ್ತಿಗೆ ತೆರೆಯುತ್ತದೆ” ಎಂದು ಕೇಳಿ.

ಉಳಿದದ್ದು ಅತ್ಯಂತ ಕಷ್ಟದ್ದು: ಕಾರಣ. “ವರ್ತಕರು ಕೂಡಿಕೊಂಡು ಆಟ.” ಇದನ್ನು ಒಂದು ಸಂಜೆಯಲ್ಲಿ ಸಾಬೀತು ಮಾಡಲೂ ಆಗದು, ಸುಳ್ಳೆನ್ನಲೂ ಆಗದು. ಹಾಗಾಗಿ ಆರೋಪವಾಗಿ, ಮಾಡಿದವರ ಹೆಸರು ಅಥವಾ ಸಂಘಟನೆಯ ಜೊತೆ, ವರ್ತಕರ ಸಂಘದ ಉತ್ತರದ ಜೊತೆ ಮಾತ್ರ ಬರಬೇಕು. ಹೆಸರಿಲ್ಲದೆ “ರೈತರ ಆರೋಪ” ಎಂದು ಬರೆದು ಕೈತೊಳೆದುಕೊಳ್ಳುವುದು ನಮ್ಮ ಪತ್ರಿಕೋದ್ಯಮದ ಹಳೇ ರೋಗ. ಎಷ್ಟು ರೈತರು? ಯಾವ ಊರಿನವರು? ಬರೆಯುವವನ ಸ್ವಂತ ಊಹೆಯೂ ಆ ಎರಡು ಪದದ ಹಿಂದೆ ಅಡಗಿ ಕೂರಬಹುದು. ಇದಕ್ಕಿಂತ ಉಪಯೋಗ ಆಗುವ ಪ್ರಶ್ನೆ ಎಂದರೆ, ಆ ಲಾಟಿಗೆ ಎಷ್ಟು ಮಂದಿ ದರ ಹಾಕಿದ್ದರು? ಇ-ಟೆಂಡರಿನಲ್ಲಿ ಅದರ ಲೆಕ್ಕ ಇರುತ್ತದೆ. ಒಂದೇ ದರ ಬಂದ ಲಾಟುಗಳು ದಿನದಿಂದ ದಿನಕ್ಕೆ ಹೆಚ್ಚುತ್ತಿವೆ ಎಂದಾದರೆ ಅದು ಮುಂದೆ ಬರೆಯಬೇಕಾದ ದೊಡ್ಡ ಸುದ್ದಿ. ಆ ಅಂಕಿ ಇಲ್ಲದೆ ಕೂಟದ ಮಾತು ಬರೀ ಮಾತು.

ಉಳಿದ ಕಾರಣಗಳಿಗೂ ಒಂದೊಂದು ಕಾಗದ ಕೇಳಿ. “ಆವಕ ಹೆಚ್ಚಾಯಿತು” ಎಂದರೆ ಹಿಂದಿನ ನಾಲ್ಕು ಮಾರುಕಟ್ಟೆ ದಿನಗಳ ಆವಕ ತೋರಿಸಬೇಕು. “ಶೀತಲಗೃಹದಲ್ಲಿ ಹಳೇ ಮಾಲು ತುಂಬಿದೆ” ಎಂದರೆ ಯಾರ ಅಂದಾಜು ಎಂದು ಹೇಳಬೇಕು. ದರ ಬಿದ್ದದ್ದೂ ಆವಕ ಏರಿದ್ದೂ ಒಂದೇ ವಾರ ಎಂಬುದನ್ನು ಬರೆಯಬಹುದು, ಒಂದರಿಂದಲೇ ಇನ್ನೊಂದು ಆಯಿತೆಂದು ನಿಮ್ಮ ಬಾಯಿಂದ ಹೇಳುವ ಹಾಗಿಲ್ಲ.

ಇಂಥ ಸಂದೇಶಗಳ ಬಾಲದಲ್ಲಿ ಇನ್ನೊಂದು ಸಾಲು ಬರುವುದುಂಟು: “ಸರ್ಕಾರ ಮೆಣಸಿನಕಾಯಿಗೆ 11,781 ರೂ. ಬೆಂಬಲ ಬೆಲೆ ಘೋಷಿಸಿದೆ, ಅದಕ್ಕಿಂತ ಕಡಿಮೆಗೆ ಕೊಡಬೇಡಿ.” ಅಂಕಿ ನಿಜ. 2025ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಆ ದರವನ್ನು ಒಪ್ಪಿದ್ದು ಆಂಧ್ರಪ್ರದೇಶದ ಮೆಣಸಿನಕಾಯಿಗೆ, ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಡಿ, 2024-25ರ ಹಂಗಾಮಿಗೆ. ಅದು ಎಲ್ಲ ರಾಜ್ಯಕ್ಕೂ ಅನ್ವಯಿಸುವ ಕನಿಷ್ಠ ಬೆಂಬಲ ಬೆಲೆ ಅಲ್ಲ, ಮೆಣಸಿನಕಾಯಿ ಬೆಂಬಲ ಬೆಲೆಯ ಪಟ್ಟಿಯಲ್ಲೇ ಇಲ್ಲ. ಅಂಕಿ ನಿಜವಿದ್ದು ರಾಜ್ಯವೂ ವರ್ಷವೂ ಕಳಚಿಹೋದ ಇಂಥ ಸಾಲು ನಂಬಿ ದಲಾಲಿ ಅಂಗಡಿಯ ಮುಂದೆ ಜಗಳಕ್ಕೆ ನಿಂತವರಿಗೆ ಕೊನೆಗೆ ಏನೂ ದಕ್ಕುವುದಿಲ್ಲ. ಕೇಂದ್ರದ ಘೋಷಣೆಯಾದರೆ ಪಿಐಬಿ ಪ್ರಕಟಣೆ, ರಾಜ್ಯದ್ದಾದರೆ ಸರ್ಕಾರಿ ಆದೇಶದ ಸಂಖ್ಯೆ ಸಿಗುವವರೆಗೆ ಆ ಸಾಲನ್ನು ಮುಟ್ಟಬೇಡಿ.

ಇಷ್ಟಾದ ಮೇಲೆ ಬರೆಯುವುದು ಹತ್ತು ನಿಮಿಷದ ಕೆಲಸ. ನಮ್ಮ ಕಲ್ಪಿತ ಅಂಕಿಗಳಿಂದ, ಹಿಂದಿನ ಗುರುವಾರ ಕಡ್ಡಿಯ ಮಾದರಿ ದರ 22,000 ಇತ್ತು ಎಂದಿಟ್ಟುಕೊಂಡು, ಅದು ಹೀಗೆ ನಿಲ್ಲುತ್ತದೆ:

“ಬ್ಯಾಡಗಿ: ಕಡ್ಡಿ ಮೆಣಸಿನಕಾಯಿ ದರ ವಾರದಲ್ಲಿ 4,000 ರೂ. ಇಳಿಕೆ

ಬ್ಯಾಡಗಿ ಎಪಿಎಂಸಿಯಲ್ಲಿ ಗುರುವಾರ ಕಡ್ಡಿ ಮೆಣಸಿನಕಾಯಿಯ ಹೆಚ್ಚಿನ ಪಾಲು ಕ್ವಿಂಟಲಿಗೆ 18,000 ರೂ. ದರದಲ್ಲಿ ಮಾರಾಟವಾಗಿದೆ. ಹಿಂದಿನ ಗುರುವಾರ ಈ ಮಾದರಿ ದರ 22,000 ರೂ. ಇತ್ತು. ದರ 40 ಸಾವಿರದಿಂದ 2,500 ರೂಪಾಯಿಗೆ ಬಿದ್ದಿದೆ ಎಂಬ ಸಂದೇಶ ಹರಿದಾಡುತ್ತಿದ್ದು, ಅದು ಎರಡು ಬೇರೆ ತಳಿಗಳ ದರಗಳನ್ನು ಹೋಲಿಸಿದೆ: 40 ಸಾವಿರ ಹಿಂದಿನ ವಾರದ ಡಬ್ಬಿ ಕಾಯಿಯ ಗರಿಷ್ಠ ದರ, 2,500 ಈ ವಾರದ ಕಡ್ಡಿ ಕಾಯಿಯ ಕನಿಷ್ಠ ದರ. ಕನಿಷ್ಠ ದರ ಬಂದದ್ದು 4 ಚೀಲದ ಒಂದು ಲಾಟಿಗೆ. ಕಾಯಿ ತೊಯ್ದು ಬಣ್ಣ ಹೋಗಿತ್ತು ಎಂದು ದಲಾಲಿ ಅಂಗಡಿಯವರು ಹೇಳಿದ್ದಾರೆ, ಕಣದಲ್ಲಿದ್ದಾಗ ಮಳೆ ಬಂದಿತ್ತೆಂದು ಮಾಲಿನ ರೈತರೂ ಒಪ್ಪಿದ್ದಾರೆ.

ಮಾರುಕಟ್ಟೆಯಲ್ಲಿ ಗುರುವಾರ ಬೆಂಕಿಯ ಘಟನೆ ನಡೆದಿಲ್ಲ ಎಂದು ಅಗ್ನಿಶಾಮಕ ಠಾಣೆ ತಿಳಿಸಿದೆ. ಹರಿದಾಡುತ್ತಿರುವ ವಿಡಿಯೊದಲ್ಲಿನ ದೃಶ್ಯ 2024ರ ಮಾರ್ಚ್‌ನ ಸುದ್ದಿಚಿತ್ರಗಳ ಜೊತೆ ಹೊಂದುತ್ತದೆ. ನಿಷೇಧಾಜ್ಞೆ ಹೊರಡಿಸಿಲ್ಲ ಎಂದು ತಹಶೀಲ್ದಾರ್ ಕಚೇರಿ ಹೇಳಿದೆ. ಸೋಮವಾರ ಎಂದಿನಂತೆ ಟೆಂಡರ್ ನಡೆಯಲಿದೆ ಎಂದು ಎಪಿಎಂಸಿ ತಿಳಿಸಿದೆ. ದರ ಇಳಿಕೆಗೆ ಕಾರಣವೇನೆಂಬುದು ಗುರುವಾರ ರಾತ್ರಿಯವರೆಗೆ ಖಚಿತವಾಗಿಲ್ಲ. (ರಾತ್ರಿ 9.15ರ ಮಾಹಿತಿ)”

ಇದರಲ್ಲಿ ಗಮನಿಸಬೇಕಾದ ಕೆಲವನ್ನು ಹೇಳುತ್ತೇವೆ. ವದಂತಿಯಿಂದ ಸುದ್ದಿ ಶುರುವಾಗಿಲ್ಲ, ನಿಜವಾದ ದರದಿಂದ ಶುರುವಾಗಿದೆ. ಮೊದಲ ಸಾಲಷ್ಟೇ ಓದಿ ಮುಂದೆ ಹೋಗುವವರ ತಲೆಯಲ್ಲಿ ಉಳಿಯುವ ಅಂಕಿ 18,000 ಆಗಲಿ ಎಂದು. “ದರ ಪಾತಾಳಕ್ಕೆ ಬಿತ್ತೇ?” ಎಂದು ಶೀರ್ಷಿಕೆ ಕೊಟ್ಟು ಕೊನೆಯಲ್ಲಿ “ಇಲ್ಲ” ಅಂದರೆ ವದಂತಿಯೇ ಮತ್ತೊಮ್ಮೆ ಊರು ಸುತ್ತುತ್ತದೆ. (ಈ ಲೇಖನದ ಶೀರ್ಷಿಕೆಯಲ್ಲೂ ಆ ಪಾಪ ಇದೆ ಎಂದು ನೀವು ಅನ್ನಬಹುದು. ಆದರೆ ಇದು ದರದ ಸುದ್ದಿಯಲ್ಲ.) ಇಳಿಕೆಯನ್ನು ರೂಪಾಯಿಯಲ್ಲೇ ಹೇಳಿದ್ದೇವೆ. 22 ಸಾವಿರದಿಂದ 18 ಸಾವಿರಕ್ಕೆ ಇಳಿದರೆ ಶೇ 18ರಷ್ಟು ಇಳಿಕೆ, ಅದೇ 18ರಿಂದ 22ಕ್ಕೆ ಮರಳಿ ಏರಿದರೆ ಶೇ 22ರಷ್ಟು ಏರಿಕೆ. ಓದುವವರಿಗೆ ದರ ಮೊದಲಿಗಿಂತ ಮೇಲೇರಿದಂತೆ ಕಾಣುತ್ತದೆ, ಏರಿದ್ದು ಮಾತ್ರ ಇದ್ದಲ್ಲಿಗೇ.

“ಇಳಿಕೆ” ಎಂಬ ಪದವೂ ಬೇಕೆಂದೇ ಆರಿಸಿದ್ದು. ಒಂದು ವಾರದ 4 ಸಾವಿರಕ್ಕೆ “ಕುಸಿತ” ಎಂದುಬಿಟ್ಟರೆ, ದರ ನಿಜವಾಗಿ ಅರ್ಧಕ್ಕೆ ಬಿದ್ದ ದಿನ ಬರೆಯಲು ಪದ ಉಳಿಯುವುದಿಲ್ಲ. ಹಾಗೆಂದು 4 ಸಾವಿರ ಸಣ್ಣದೂ ಅಲ್ಲ, ಹತ್ತು ಕ್ವಿಂಟಲ್ ತಂದವರಿಗೆ ಅದು 40 ಸಾವಿರ ರೂಪಾಯಿ. ವದಂತಿಯನ್ನು ಅಲ್ಲಗಳೆಯುವ ಭರದಲ್ಲಿ “ದರ ಸ್ಥಿರ, ಆತಂಕ ಬೇಡ” ಎಂದು ಬರೆಯುವವರೂ ಇದ್ದಾರೆ. ಅದು ಇನ್ನೊಂದು ವದಂತಿ, ಅದರ ಮೇಲೆ ಕಚೇರಿಯ ಮೊಹರು ಇರುತ್ತದೆ ಅಷ್ಟೆ.

ರಾತ್ರಿ 9.15 ಎಂದು ಹಾಕಿದ ಮೇಲೆ 10 ಗಂಟೆಗೆ ಏನಾದರೂ ಬದಲಾದರೆ ಅದೇ ಬರಹದ ಮೇಲೆ ಹೊಸ ಹೊತ್ತು ಹಾಕಿ, ಏನು ಬದಲಾಯಿತೆಂದು ಒಂದು ಸಾಲು ಬರೆಯಬೇಕು. ತಪ್ಪಾಗಿದ್ದರೆ ತಪ್ಪಾದ ಅಂಕಿಯನ್ನೂ ಸರಿಯಾದ ಅಂಕಿಯನ್ನೂ ಒಟ್ಟಿಗೆ ಹೇಳಬೇಕು, ಯಾಕೆಂದರೆ ಹಳೆಯ ಸ್ಕ್ರೀನ್‌ಶಾಟ್ ಅಷ್ಟೊತ್ತಿಗೆ ಲಕ್ಷ್ಮೇಶ್ವರ ದಾಟಿರುತ್ತದೆ. ಸೋಮವಾರ ಟೆಂಡರ್ ಮುಗಿದ ಮೇಲೆ ಅದೇ ಕಡ್ಡಿಯ ಸಾಲನ್ನು ಮತ್ತೆ ತೆರೆದು ನೋಡಿ. ಗುರುವಾರ ಬೇಡ ಎಂದ ಲಾಟುಗಳು ಆವತ್ತು ಎಷ್ಟಕ್ಕೆ ಹೋದವು ಎಂಬುದು ಆಗ ಗೊತ್ತಾಗುತ್ತದೆ.